ಹೆಬ್ಬೆರಳ ಬುಡದ ಗಂಟು ಅಮ್ಮನಿಂದ ಬಂದದ್ದೋ, ಚಪ್ಪಲಿಯಿಂದ ಬಂದದ್ದೋ? ಶಸ್ತ್ರಚಿಕಿತ್ಸೆ ಈಗಲೇ ಬೇಕೇ?

ನಿಟ್ಟುವಳ್ಳಿ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಪ್ರೌಢಶಾಲೆಯಲ್ಲಿ ಪಾಠ ಮಾಡುವವಳಾದ್ದರಿಂದ ದಿನಕ್ಕೆ ಐದಾರು ಗಂಟೆ ನಿಂತೇ ಇರುತ್ತೇನೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಪಾದದ ಒಳ ಅಂಚಿಗೆ, ಹತ್ತು ವರ್ಷಗಳಿಂದ ಒಂದು ಗಂಟು ನಿಧಾನವಾಗಿ ದೊಡ್ಡದಾಗುತ್ತಾ ಬಂದಿದೆ. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿ ಈಗ ಅದರ ಮೇಲೆ ಒರಗಿಕೊಂಡಂತಿದೆ. ಎಡಗಾಲಿನಲ್ಲೂ ಇದೆ, ಆದರೆ ಅಷ್ಟು ನೋವಿಲ್ಲ. ಕಳೆದ ಡಿಸೆಂಬರಿನಲ್ಲಿ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದಾಗ ಮೇಲುದುರ್ಗದ ಮೆಟ್ಟಿಲುಗಳನ್ನು ಹತ್ತಿ ಇಳಿಯುವಷ್ಟರಲ್ಲಿ ಕಾಲು ಊರಲಾಗದಂತಾಯಿತು, ಆಮೇಲೆ ನಾಲ್ಕು ದಿನ ಕುಂಟುತ್ತಲೇ ಶಾಲೆಗೆ ಹೋದೆ.

ಎಕ್ಸ್‌ರೇ ನೋಡಿದ ವೈದ್ಯರೊಬ್ಬರು ಚೀಟಿಯಲ್ಲಿ ಹ್ಯಾಲಕ್ಸ್ ವಾಲ್ಗಸ್ ಎಂದು ಬರೆದು, ಇದನ್ನು ಬುನಿಯನ್ ಎನ್ನುತ್ತಾರೆ, ಆಪರೇಷನ್ ಮಾಡಿಸಿಬಿಡಿ ಎಂದರು. ಹೆಚ್ಚಿಗೆ ವಿವರಿಸಲು ಅವರಿಗೆ ಸಮಯವಿರಲಿಲ್ಲ. ನನ್ನ ಅಮ್ಮನಿಗೂ ಇದೇ ಗಂಟಿತ್ತು, ಅವರು ಕೊನೆಯವರೆಗೂ ಅದರೊಂದಿಗೇ ಓಡಾಡಿಕೊಂಡಿದ್ದರು. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು ಬೇರೆ ಸಂಗತಿ: ಹದಿನಾಲ್ಕು ವರ್ಷದ ನನ್ನ ಮಗಳ ಕಾಲಿನಲ್ಲೂ ಅದೇ ಆಕಾರ ಕಾಣಿಸಿಕೊಳ್ಳುತ್ತಿದೆ. ನನ್ನ ಪ್ರಶ್ನೆಗಳು ಎರಡು. ನನಗೆ ಈಗಲೇ ಆಪರೇಷನ್ ಬೇಕೇ? ಮಗಳಿಗೆ ಇದು ಮುಂದುವರಿಯದಂತೆ ತಡೆಯಲು ಸಾಧ್ಯವೇ?

ಹಿರಿಯೂರಿನ ತೆಂಗಿನ ತೋಟ

ಟೀಚರಮ್ಮನವರೇ, ಇದು ಆಣಿಯೇ ಇರಬೇಕು. ನನಗೂ ಪಾದದ ಕೆಳಗೆ ಆಗಿತ್ತು. ಔಷಧದ ಅಂಗಡಿಯಲ್ಲಿ ಸಿಗುವ ಕಾರ್ನ್ ಕ್ಯಾಪನ್ನು ನಾಲ್ಕು ದಿನ ಅಂಟಿಸಿಕೊಂಡರೆ ಬಿಳಿಯಾಗಿ ಮೆತ್ತಗಾಗಿ ಸುಲಿದು ಬರುತ್ತದೆ. ಅದರಿಂದಲೂ ಹೋಗದಿದ್ದರೆ ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಿ. ನನ್ನ ಭಾವನವರಿಗೆ ಅದೇ ಹೆಬ್ಬೆರಳ ಬುಡದಲ್ಲಿ ಬಂದಿತ್ತು, ಮಾತ್ರೆಯಲ್ಲೇ ವಾಸಿಯಾಯಿತು. ಕತ್ತರಿ ಹಾಕಿಸಿಕೊಳ್ಳಲು ಅವಸರ ಮಾಡಬೇಡಿ.

ನಿಟ್ಟುವಳ್ಳಿ ಟೀಚರ್, ದಾವಣಗೆರೆ

ತಮ್ಮ ಕಾಳಜಿಗೆ ಧನ್ಯವಾದಗಳು. ಗಂಟು ಚರ್ಮದ್ದಲ್ಲ, ಒತ್ತಿ ನೋಡಿದರೆ ಮೂಳೆಯೇ ಕೈಗೆ ಸಿಗುತ್ತದೆ. ಯೂರಿಕ್ ಆಸಿಡ್ ಪರೀಕ್ಷೆಯಲ್ಲಿ ಏನೂ ಹೆಚ್ಚಿರಲಿಲ್ಲ. ಆದರೆ ತಾವು ಆಣಿ ಎಂದಾಗ ನೆನಪಾಯಿತು: ಎರಡನೆಯ ಬೆರಳಿನ ಕೆಳಗೆ, ಅಂಗಾಲಿನ ಮುಂಭಾಗದಲ್ಲಿ, ಎಂಟಾಣೆಯಷ್ಟು ಅಗಲಕ್ಕೆ ಚರ್ಮ ಗಟ್ಟಿಯಾಗಿ ಉರಿಯುತ್ತದೆ. ಅದಕ್ಕೆ ಕಳೆದ ವರ್ಷ ಕಾರ್ನ್ ಕ್ಯಾಪ್ ಹಾಕಿಕೊಂಡು ಸುತ್ತಲಿನ ಚರ್ಮ ಸುಟ್ಟಂತಾಗಿ ವಾರವಿಡೀ ಒದ್ದಾಡಿದೆ. ಗಟ್ಟಿ ಚರ್ಮ ಎರಡೇ ತಿಂಗಳಲ್ಲಿ ಮತ್ತೆ ಬಂತು.

ಚಿತ್ರದುರ್ಗದ ಚರ್ಮದ ಕೆಲಸ

ನಾನು ಮೂವತ್ತು ವರ್ಷಗಳಿಂದ ಚಪ್ಪಲಿ, ಶೂ ಹೊಲಿಯುತ್ತಿರುವವನು, ನನ್ನ ತಂದೆಯವರೂ ಇದೇ ಕೆಲಸ ಮಾಡುತ್ತಿದ್ದರು. ಈ ಗಂಟಿಗೆ ಮುಂಭಾಗ ಕಿರಿದಾಗಿರುವ ಪಾದರಕ್ಷೆಯ ಹೊರತಾಗಿ ಬೇರೆ ಕಾರಣವೇ ಇಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ. ನಮ್ಮ ತಂದೆಯವರ ಕಾಲದಲ್ಲಿ ಗಿರಾಕಿಯ ಕಾಲನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆದು ಅಟ್ಟೆ ಕತ್ತರಿಸುತ್ತಿದ್ದರು. ಈಗ ಬರುವ ಹೆಂಗಸರ ಶೂಗಳ ಫರ್ಮಾ ನೋಡಿದರೆ ತುದಿ ದೋಣಿಯ ಮೂತಿಯಂತಿರುತ್ತದೆ, ಅಂಥ ಬೆರಳುಗಳು ಮನುಷ್ಯರಿಗೆ ಇರುವುದಿಲ್ಲ. ಹೊಲಗಳಲ್ಲಿ ಬರಿಗಾಲಿನಲ್ಲಿ ಓಡಾಡಿದವರಿಗೆ ಈ ಗಂಟು ಬಂದದ್ದನ್ನು ನಾನು ಕಂಡಿಲ್ಲ. ಚಪ್ಪಲಿ ಬದಲಿಸಿದರೆ ಮಗಳಿಗೆ ಬರುವುದೇ ಇಲ್ಲ, ತಮಗೂ ಕಾಲಕ್ರಮದಲ್ಲಿ ನೇರವಾಗುತ್ತದೆ.

ನಿವೃತ್ತ ಮೂಳೆ ವೈದ್ಯ

ಮೇಲಿನ ಬರಹಗಳಲ್ಲಿ ಸರಿಯಾದದ್ದೂ ಇದೆ, ತಿದ್ದಬೇಕಾದದ್ದೂ ಇದೆ. ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ಗಂಟು ಹೇಗೆ ಬಂತೆಂಬುದು ತಿಳಿಯದೆ ಯಾವ ಚಿಕಿತ್ಸೆ ಏನು ಮಾಡಬಲ್ಲದು ಎಂಬುದು ತಿಳಿಯುವುದಿಲ್ಲ.

ಟೀಚರ್ ಕೈಗೆ ಸಿಗುತ್ತಿರುವುದು ಹೊಸದಾಗಿ ಬೆಳೆದ ಮೂಳೆಯಲ್ಲ. ಹುಟ್ಟಿನಿಂದ ಇದ್ದ ಮೂಳೆಯ ತುದಿಯೇ ಜಾಗ ಬಿಟ್ಟು ಹೊರಗೆ ಕಾಣುತ್ತಿದೆ. ಹೆಬ್ಬೆರಳಿನ ಹಿಂದೆ, ಪಾದದೊಳಗೆ, ದಪ್ಪನೆಯ ಉದ್ದ ಮೂಳೆಯೊಂದಿದೆ. ಅದು ವರ್ಷಗಳ ಅವಧಿಯಲ್ಲಿ ಇನ್ನೊಂದು ಕಾಲಿನ ಕಡೆಗೆ ವಾಲುತ್ತದೆ, ಅದರ ಮುಂದಿರುವ ಹೆಬ್ಬೆರಳು ಎರಡನೆಯ ಬೆರಳಿನ ಕಡೆಗೆ ತಿರುಗುತ್ತದೆ. ಮಡಿಸಿದ ತೋಳಿನಲ್ಲಿ ಮೊಣಕೈ ಮುಂದೆ ಚಾಚುವಂತೆ ಇವೆರಡರ ನಡುವಿನ ಕೀಲು ಹೊರಕ್ಕೆ ಚಾಚುತ್ತದೆ. ಆ ಚಾಚಿದ ಜಾಗಕ್ಕೆ ಚಪ್ಪಲಿ ಉಜ್ಜಿದಾಗ ಚರ್ಮದ ಅಡಿಯಲ್ಲಿರುವ ತೆಳುವಾದ ದ್ರವದ ಚೀಲ ಊದಿಕೊಂಡು ಕೆಂಪಾಗುತ್ತದೆ. ಗಂಟು ಒಂದು ದಿನ ದೊಡ್ಡದಾಗಿ ಮತ್ತೊಂದು ದಿನ ಸಣ್ಣದಾಗಿ ಕಾಣುವುದು ಈ ಊತದಿಂದ. ಮೂಳೆ ಹಾಗೆ ದಿನಕ್ಕೊಮ್ಮೆ ಬದಲಾಗುವುದಿಲ್ಲ.

ಒಮ್ಮೆ ವಾಲಿದ್ದು ಮತ್ತಷ್ಟು ವಾಲುವುದಕ್ಕೆ ಒಂದು ಕಾರಣವಿದೆ. ಆ ಉದ್ದ ಮೂಳೆಯ ತುದಿಗೆ ಯಾವ ಸ್ನಾಯುವೂ ಅಂಟಿಲ್ಲ. ಸ್ನಾಯುಗಳ ರಜ್ಜುಗಳೆಲ್ಲ ಅದನ್ನು ದಾಟಿಹೋಗಿ ಬೆರಳಿಗೆ ಅಂಟಿಕೊಂಡಿವೆ. ಬೆರಳು ನೇರವಾಗಿರುವವರೆಗೆ ಅವು ನೇರವಾಗಿಯೇ ಎಳೆಯುತ್ತವೆ. ಬೆರಳು ವಾಲಿದ ಮೇಲೆ ಅವೇ ರಜ್ಜುಗಳು ಬಿಲ್ಲಿನ ಹೆದೆಯಂತೆ ಒಂದು ಪಕ್ಕದಿಂದ ಎಳೆಯತೊಡಗುತ್ತವೆ, ಪ್ರತಿ ಹೆಜ್ಜೆಯೂ ಬೆರಳನ್ನು ಇನ್ನಷ್ಟು ಓರೆಯಾಗಿಸುತ್ತದೆ. ಹಾಗಾಗಿ ಬೆಳೆದವರ ಕಾಲಿನಲ್ಲಿ ಈ ಓರೆ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ, ಚಪ್ಪಲಿ ಎಷ್ಟೇ ಅಗಲವಾಗಿದ್ದರೂ ನೇರವಾಗುವುದಿಲ್ಲ. ಚರ್ಮದ ಕೆಲಸದ ಸಹೋದರರ ಕೊನೆಯ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಪಾದರಕ್ಷೆಯ ಪಾತ್ರದ ಬಗ್ಗೆ ಅವರು ಹೇಳಿದ್ದರಲ್ಲಿ ಬಹಳ ಸತ್ಯವಿದೆ. 1958ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಒಂದು ಅಧ್ಯಯನದಲ್ಲಿ ಶೂ ಧರಿಸುತ್ತಿದ್ದವರಲ್ಲಿ ನೂರಕ್ಕೆ 33 ಮಂದಿಗೆ ಈ ಓರೆ ಕಂಡುಬಂದಿತ್ತು, ಬರಿಗಾಲಿನಲ್ಲೇ ಬದುಕುತ್ತಿದ್ದವರಲ್ಲಿ ನೂರಕ್ಕೆ ಇಬ್ಬರಿಗಿಂತ ಸ್ವಲ್ಪ ಕಡಿಮೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಬರಿಗಾಲಿನವರಲ್ಲೂ ಕೆಲವರಿಗೆ ಬಂದಿದೆ. ಶೂ ಧರಿಸಿದವರಲ್ಲಿ ಮೂರನೆಯ ಎರಡು ಭಾಗದಷ್ಟು ಜನಕ್ಕೆ ಬಂದಿಲ್ಲ. ಅದೇ ಬಗೆಯ ಶೂ ಒಬ್ಬರ ಕಾಲನ್ನು ಓರೆಯಾಗಿಸಿ ಇನ್ನೊಬ್ಬರ ಕಾಲನ್ನು ಹಾಗೇ ಬಿಡುವುದು ಕಾಲಿನ ರಚನೆಯಿಂದ, ಮತ್ತು ತಾಯಿಯಿಂದಲೋ ತಂದೆಯಿಂದಲೋ ಬರುವುದು ಈ ರಚನೆಯೇ. ಮೂಳೆಯ ತುದಿ ಚಪ್ಪಟೆಯಾಗಿರುವ ಬದಲು ಗುಂಡಗಿದ್ದರೆ ಬೆರಳು ಅದರ ಮೇಲೆ ಸುಲಭವಾಗಿ ಜಾರುತ್ತದೆ. ಆ ಮೂಳೆಯ ಹಿಂಬದಿಯ ಕೀಲು ಸಡಿಲವಾಗಿದ್ದರೆ ಮೂಳೆಯೇ ನಿಲ್ಲುವುದಿಲ್ಲ. ಅಂಗಾಲು ಚಪ್ಪಟೆಯಾಗಿದ್ದರೂ ಭಾರ ಒಳ ಅಂಚಿಗೆ ಬೀಳುತ್ತದೆ.

ಟೀಚರ್, ಮಗಳನ್ನು ಕರೆದು ಅವಳ ಕೈಯ ಹೆಬ್ಬೆರಳನ್ನು ಮುಂಗೈಯ ಒಳಬದಿಗೆ ಮಡಿಸಿ ತಾಗಿಸಲು ಸಾಧ್ಯವೇ ಎಂದು ನೋಡಿ ತಿಳಿಸಿ. ಇನ್ನೊಂದು ವಿಷಯ: ನಿಮ್ಮ ಎಕ್ಸ್‌ರೇಯನ್ನು ನಿಂತು ತೆಗೆದದ್ದೋ, ಮಲಗಿಸಿ ತೆಗೆದದ್ದೋ?

ಹಿರಿಯೂರಿನವರಿಗೂ ಒಂದು ಮಾತು. ಯೂರಿಕ್ ಆಸಿಡ್‌ನಿಂದ ಬರುವ ಗೌಟ್ ಅದೇ ಕೀಲಿಗೆ ಬರುವುದು ನಿಜ. ಅದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬರುತ್ತದೆ, ಕೀಲು ಕೆಂಡದಂತಾಗುತ್ತದೆ, ಹೊದಿಕೆಯ ಅಂಚು ತಾಗಿದರೂ ತಡೆಯಲಾಗುವುದಿಲ್ಲ. ಹತ್ತು ವರ್ಷ ಹಿಡಿದು ಬೆಳೆದ ಓರೆ ಬೇರೆ. ಆಣಿ ಎಂದು ನೀವು ಊಹಿಸಿದ್ದು ಗಂಟಿನ ಬಗ್ಗೆ ತಪ್ಪಾಗಿದ್ದರೂ ಅದರಿಂದ ಟೀಚರ್ ಹೇಳಿದ ಆ ಗಟ್ಟಿ ಚರ್ಮದ ಸಂಗತಿ ನನಗೆ ಬಹಳ ಮುಖ್ಯವಾಗಿ ಕಂಡಿತು. ಅದಕ್ಕೆ ಮತ್ತೆ ಬರುತ್ತೇನೆ.

ಚಿತ್ರದುರ್ಗದ ಚರ್ಮದ ಕೆಲಸ

ಡಾಕ್ಟರೇ, ನೇರವಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ನೂರಕ್ಕೆ ಇಬ್ಬರಿಂದ ಮೂವತ್ತಮೂರಕ್ಕೆ ಏರಿಸಿದ್ದು ಶೂ ಅಲ್ಲವೇ? ರಚನೆಯನ್ನು ಬದಲಿಸಲು ಆಗುವುದಿಲ್ಲ, ಪಾದರಕ್ಷೆಯನ್ನು ಬದಲಿಸಬಹುದು. ಆದ್ದರಿಂದ ನಾನು ಪಾದರಕ್ಷೆಯನ್ನೇ ಮೊದಲ ಕಾರಣವೆಂದು ಹೇಳುತ್ತೇನೆ.

ಟೀಚರ್ ಮೇಡಂ, ಅಂಗಡಿಗೆ ಹೋಗುವಾಗ ಸಂಜೆ ಹೊತ್ತು ಹೋಗಬೇಕು, ಆ ವೇಳೆಗೆ ಕಾಲು ಸ್ವಲ್ಪ ಊದಿರುತ್ತದೆ. ಶೂವಿನ ಒಳಗಿನ ಹಾಸನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಗಂಟಾಗಲಿ, ಕಿರುಬೆರಳಾಗಲಿ ಹಾಸಿನ ಅಂಚನ್ನು ದಾಟಿದರೆ ಆ ಶೂ ನಿಮ್ಮದಲ್ಲ. ಒಂದು ನಂಬರ್ ದೊಡ್ಡದು ತೆಗೆದುಕೊಂಡರಾಯಿತು ಎಂದು ಬಹಳ ಜನ ಭಾವಿಸುತ್ತಾರೆ. ಹಾಗೆ ಮಾಡಿದರೆ ಉದ್ದ ಹೆಚ್ಚುತ್ತದೆ, ಅಗಲ ಅಷ್ಟಾಗಿ ಹೆಚ್ಚುವುದಿಲ್ಲ, ಕಾಲು ಮುಂದಕ್ಕೆ ಜಾರಿ ಮತ್ತೆ ಅದೇ ಇಕ್ಕಟ್ಟಿಗೆ ಹೋಗಿ ಕೂರುತ್ತದೆ. ಚರ್ಮದ ಶೂ ಆದರೆ ಗಂಟು ಬರುವ ಜಾಗವನ್ನು ಮಾತ್ರ ನೆನೆಸಿ, ಒಳಗಿನಿಂದ ಒತ್ತು ಕೊಟ್ಟು, ಒಂದೆರಡು ರಾತ್ರಿ ಹಾಗೆಯೇ ಇಟ್ಟು ಉಬ್ಬಿಸಿಕೊಡಬಹುದು. ರೆಕ್ಸಿನ್ ಹಾಗೆ ಹಿಗ್ಗುವುದಿಲ್ಲ, ಎಳೆದರೆ ಹೊಲಿಗೆಯೇ ಬಿಡುತ್ತದೆ. ಹೊಲಿಗೆ ಗಂಟಿನ ಮೇಲೆಯೇ ಹಾದುಹೋಗುವ ಮಾದರಿಯನ್ನಂತೂ ಕೊಳ್ಳಲೇಬೇಡಿ.

ಹರಿಹರದ ನಿವೃತ್ತ ಬ್ಯಾಂಕ್ ನೌಕರಳು

ನನಗೆ ಎರಡು ಬಾರಿ ಆಪರೇಷನ್ ಆಗಿದೆ, ಮೊದಲನೆಯದನ್ನೇ ಸರಿಯಾಗಿ ಮಾಡಿದ್ದರೆ ಎರಡನೆಯದು ಬೇಕಾಗುತ್ತಿರಲಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲನೆಯದು ನನಗೆ 52 ವರ್ಷವಾಗಿದ್ದಾಗ. ಗಂಟು ತೆಗೆಯುವುದು ಸಣ್ಣ ಕೆಲಸ, ಮಾರನೆಯ ದಿನವೇ ನಡೆಯಬಹುದು ಎಂದರು, ನನಗೆ ಬಹಳ ಸಂತೋಷವಾಯಿತು. ಹೊರಕ್ಕೆ ಚಾಚಿದ ಮೂಳೆಯ ಅಂಚನ್ನು ಕೆತ್ತಿ ಸಮ ಮಾಡಿ ಹೊಲಿದರು, ಅಷ್ಟೇ. ಆರು ತಿಂಗಳು ಪಾದ ನೋಡಲು ಚೆನ್ನಾಗಿತ್ತು. ಆದರೆ ಬೆರಳು ಓರೆಯಾಗಿಯೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಮೂರು ವರ್ಷಗಳಲ್ಲಿ ಗಂಟು ಮೊದಲಿನಷ್ಟೇ ಆಯಿತು, ಬೆರಳು ಮೊದಲಿಗಿಂತ ಹೆಚ್ಚು ತಿರುಗಿತು. ಎರಡನೆಯ ಬಾರಿ ಬೇರೊಬ್ಬರು ಉದ್ದ ಮೂಳೆಯನ್ನೇ ಕತ್ತರಿಸಿ, ಒಳಕ್ಕೆ ಸರಿಸಿ, ಎರಡು ಸ್ಕ್ರೂ ಹಾಕಿದರು. ಅದಾಗಿ ನಾಲ್ಕು ವರ್ಷ ಕಳೆದಿದೆ, ಬೆರಳು ನೇರವಾಗಿದೆ. ಹೆಬ್ಬೆರಳಿನ ಪಕ್ಕದಲ್ಲಿ ಒಂದಿಷ್ಟು ಜಾಗಕ್ಕೆ ಇಂದಿಗೂ ಸ್ಪರ್ಶ ತಿಳಿಯುವುದಿಲ್ಲ, ಬೆರಳು ಮೊದಲಿನಷ್ಟು ಮೇಲಕ್ಕೆ ಬಾಗುವುದೂ ಇಲ್ಲ. ಆದರೂ ನಡೆದಾಡಲು ನೋವಿಲ್ಲ.

ನಿವೃತ್ತ ಮೂಳೆ ವೈದ್ಯ

ಹರಿಹರದ ಮೇಡಂ ಅವರಿಗೆ ಆದದ್ದು ಯಾವುದೇ ಪುಸ್ತಕಕ್ಕಿಂತ ಚೆನ್ನಾಗಿ ವಿಷಯವನ್ನು ತಿಳಿಸುತ್ತದೆ. ಮೂಳೆ ವಾಲಿದ್ದರಿಂದ ಕಾಣಿಸಿಕೊಂಡ ಉಬ್ಬನ್ನು ಮಾತ್ರ ಕೆತ್ತಿದರೆ, ವಾಲಿದ ಮೂಳೆಯೂ ಅದನ್ನು ಎಳೆಯುತ್ತಿದ್ದ ಹೆದೆಯೂ ಹಾಗೇ ಉಳಿಯುತ್ತವೆ. ಆಪರೇಷನ್ ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ಮೂಳೆಯನ್ನು ಸರಿಸುತ್ತೀರೋ, ಕೆತ್ತುತ್ತೀರೋ ಎಂಬುದು.

ಇನ್ನು ಪ್ಯಾಡ್ ಮತ್ತು ಪಟ್ಟಿಗಳ ವಿಚಾರ. ಗಂಟಿನ ಮೇಲೆಯೇ ದಪ್ಪನೆಯ ಪ್ಯಾಡ್ ಇಟ್ಟು ಮೊದಲಿನ ಶೂವಿನೊಳಗೆ ಕಾಲು ತುರುಕುವುದು ನಾನು ಅತಿ ಹೆಚ್ಚು ಕಂಡ ತಪ್ಪು, ಅದರಿಂದ ಒತ್ತಡ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಡುವೆ ತೂತಿರುವ ಬಳೆಯಂಥ ಫೆಲ್ಟ್ ಪ್ಯಾಡನ್ನು ಗಂಟಿನ ಸುತ್ತ ಬರುವಂತೆ ಅಂಟಿಸಿ, ಅದಕ್ಕೆ ಜಾಗವಿರುವ ಅಗಲವಾದ ಶೂ ಧರಿಸಿದರೆ ಉಜ್ಜುವುದು ತಪ್ಪುತ್ತದೆ, ಊದಿದ ಚೀಲ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡು ತೆಳುವಾಗಿದ್ದರೆ ಚರ್ಮ ಚರ್ಮಕ್ಕೆ ತಿಕ್ಕುವುದನ್ನು ತಪ್ಪಿಸುತ್ತದೆ. ದಪ್ಪವಾಗಿದ್ದರೆ ಹೆಬ್ಬೆರಳು ಅಲುಗುವುದಿಲ್ಲ, ಬದಲಿಗೆ ದುರ್ಬಲವಾದ ಎರಡನೆಯ ಬೆರಳು ಆಚೆಗೆ ತಳ್ಳಲ್ಪಡುತ್ತದೆ. ರಾತ್ರಿ ಕಟ್ಟಿಕೊಳ್ಳುವ ಪಟ್ಟಿಗಳು ಕಟ್ಟಿಕೊಂಡಿರುವವರೆಗೆ ಬೆರಳನ್ನು ನೇರವಾಗಿ ಹಿಡಿದಿರುತ್ತವೆ, ಬೆಳಿಗ್ಗೆ ಬಿಚ್ಚಿ ಹತ್ತು ಹೆಜ್ಜೆ ಇಟ್ಟರೆ ಬೆರಳು ಮೊದಲಿದ್ದಲ್ಲಿಗೇ ಬರುತ್ತದೆ.

ಫಿನ್‌ಲೆಂಡಿನಲ್ಲಿ 209 ರೋಗಿಗಳನ್ನು ಮೂರು ಗುಂಪು ಮಾಡಿ ಹೋಲಿಸಿದ ಪರೀಕ್ಷೆಯೊಂದರ ಫಲ 2001ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಒಂದಕ್ಕೆ ಕಾಲಿನ ಅಳತೆಗೆ ಮಾಡಿದ ಒಳಹಾಸು, ಇನ್ನೊಂದು ಗುಂಪಿನವರು ಸುಮ್ಮನೆ ಕಾದರು. ಆರು ತಿಂಗಳಾದಾಗ ಕಾದವರಿಗಿಂತ ಉಳಿದ ಎರಡೂ ಗುಂಪುಗಳವರಿಗೆ ನೋವು ಕಡಿಮೆಯಿತ್ತು. ವರ್ಷ ತುಂಬಿದಾಗ ಒಳಹಾಸಿನವರು ಕಾದವರ ಮಟ್ಟಕ್ಕೇ ಬಂದಿದ್ದರು, ಶಸ್ತ್ರಚಿಕಿತ್ಸೆಯವರ ಸ್ಥಿತಿ ಉತ್ತಮವಾಗಿಯೇ ಉಳಿದಿತ್ತು. ಆ ಪರೀಕ್ಷೆ ನೋಡಿದ್ದು ಒಂದು ವರ್ಷವನ್ನು ಮಾತ್ರ, ಅದೂ ಓರೆ ತೀವ್ರವಲ್ಲದವರನ್ನು. ನನ್ನ ಅನುಭವವೂ ಹೆಚ್ಚುಕಡಿಮೆ ಹಾಗೆಯೇ ಇದೆ. ಒಳಹಾಸು ಮತ್ತು ಪ್ಯಾಡ್ ನಿಮಗೆ ಸಮಯವನ್ನು ಕೊಡುತ್ತವೆ, ಕೆಲವರಿಗೆ ಆ ಸಮಯ ಜೀವನಪೂರ್ತಿ ಸಾಕಾಗುತ್ತದೆ. ಟೀಚರ್ ಅವರ ತಾಯಿಯವರು ಹಾಗೆಯೇ ಇದ್ದರಲ್ಲವೇ?

ಜಗಳೂರಿನ ಕಿರಾಣಿ

ನನ್ನ ತಾಯಿಯವರಿಗೆ 68 ವರ್ಷ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಇದೇ ಗಂಟಿನ ಮೇಲೆ ಚಪ್ಪಲಿಯ ಪಟ್ಟಿ ಉಜ್ಜಿ ಹುಣ್ಣಾಗಿ ಮೂರು ವಾರವಾಯಿತು. ನೋವಿಲ್ಲ ಎನ್ನುತ್ತಾರೆ, ಹಾಗಾಗಿ ಮುಲಾಮು ಹಚ್ಚುತ್ತಿದ್ದೇವೆ. ಅವರಿಗೂ ಬಳೆ ಪ್ಯಾಡ್ ಹಾಕಬಹುದೇ?

ನಿವೃತ್ತ ಮೂಳೆ ವೈದ್ಯ

ದಯವಿಟ್ಟು ನಾಳೆಯೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹುಣ್ಣಿದ್ದೂ ನೋವಿಲ್ಲವೆಂದರೆ ನರಗಳ ಸಂವೇದನೆ ಹೋಗಿದೆಯೆಂದು ತಿಳಿಯಬೇಕು. ಗಂಟಿನ ಅಡಿಯಲ್ಲಿ ಮೂಳೆ ಬಹಳ ಹತ್ತಿರದಲ್ಲಿರುವುದರಿಂದ ಸೋಂಕು ಬೇಗ ಅದನ್ನು ಮುಟ್ಟುತ್ತದೆ. ಪಾದದ ರಕ್ತಸಂಚಾರವನ್ನು ಪರೀಕ್ಷಿಸಿ ಹುಣ್ಣು ಮಾಯುವವರೆಗೆ ಪ್ಯಾಡ್, ಕಾರ್ನ್ ಕ್ಯಾಪ್, ಆ ಚಪ್ಪಲಿ ಯಾವುದೂ ಬೇಡ.

ನಿಟ್ಟುವಳ್ಳಿ ಟೀಚರ್, ದಾವಣಗೆರೆ

ಜಗಳೂರಿನವರೇ, ತಾಯಿಯವರನ್ನು ಖಂಡಿತ ತೋರಿಸಿ.

ಡಾಕ್ಟರೇ, ನನ್ನ ಹಳೆಯ ಎಕ್ಸ್‌ರೇಯನ್ನು ಮಲಗಿಸಿಯೇ ತೆಗೆದಿದ್ದರು. ತಾವು ಕೇಳಿದ್ದರಿಂದ ಶನಿವಾರ ಬೇರೊಂದು ಕಡೆ ಹೋಗಿ, ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಂತು ತೆಗೆಸಿಕೊಂಡೆ. ಹಳೆಯದರಲ್ಲಿ ಹೆಬ್ಬೆರಳಿನ ಓರೆ 27 ಡಿಗ್ರಿ, ಮೊದಲ ಮತ್ತು ಎರಡನೆಯ ಉದ್ದ ಮೂಳೆಗಳ ನಡುವಿನ ಕೋನ 11 ಡಿಗ್ರಿ ಎಂದಿತ್ತು. ಹೊಸದರಲ್ಲಿ 31 ಮತ್ತು 14 ಎಂದು ಬರೆದಿದ್ದಾರೆ. ಒಂದೇ ಕಾಲು, ಇಷ್ಟು ವ್ಯತ್ಯಾಸ ನೋಡಿ ಗಾಬರಿಯಾಯಿತು. ಮಗಳ ಕೈಯ ಹೆಬ್ಬೆರಳು ಮುಂಗೈಗೆ ಸಲೀಸಾಗಿ ತಾಗುತ್ತದೆ. ನನ್ನದೂ ತಾಗುತ್ತದೆ, ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಇನ್ನೊಂದು ಸಂದೇಹ. ಕಾಲುಂಗುರದಿಂದ ಇದು ಬಂದಿರಬಹುದೇ ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದಾರೆ. ಹೆಬ್ಬೆರಳು ಈಗ ಅದರ ಮೇಲೆಯೇ ಒತ್ತುತ್ತದೆ.

ನಿವೃತ್ತ ಮೂಳೆ ವೈದ್ಯ

ಗಾಬರಿ ಬೇಡ, ಎರಡು ಎಕ್ಸ್‌ರೇಗಳ ನಡುವೆ ನಿಮ್ಮ ಕಾಲು ಕೆಟ್ಟಿಲ್ಲ. ಮಲಗಿದಾಗ ಮೂಳೆಗಳ ಮೇಲೆ ಭಾರವಿರುವುದಿಲ್ಲ, ನಿಂತಾಗ ಸಡಿಲವಾದ ಕೀಲು ತೆರೆದುಕೊಂಡು ನಿಜವಾದ ಕೋನ ಕಾಣುತ್ತದೆ. ಸಾಮಾನ್ಯವಾಗಿ ಬೆರಳಿನ ಓರೆ 15 ಡಿಗ್ರಿಯ ಒಳಗೆ, ಮೂಳೆಗಳ ನಡುವಿನ ಕೋನ 9 ಡಿಗ್ರಿಯ ಒಳಗೆ ಇರುತ್ತದೆ. ನಿಮ್ಮದು ಮಧ್ಯಮ ತೀವ್ರತೆಯದು. ಮಲಗಿಸಿ ತೆಗೆದ ಚಿತ್ರವನ್ನು ನಂಬಿ ಯಾವ ಶಸ್ತ್ರಚಿಕಿತ್ಸೆ ಎಂದು ತೀರ್ಮಾನಿಸಿದ್ದರೆ ಅಗತ್ಯಕ್ಕಿಂತ ಕಡಿಮೆ ಸರಿಸುವ ಸಾಧ್ಯತೆಯಿತ್ತು.

ಕೋನ ಇಷ್ಟಿದೆ ಎಂಬ ಕಾರಣಕ್ಕೇ ಯಾರೂ ಆಪರೇಷನ್ ಮಾಡಿಸಿಕೊಳ್ಳಬೇಕಾಗಿಲ್ಲ. 40 ಡಿಗ್ರಿ ಓರೆಯಿದ್ದೂ ಆರಾಮವಾಗಿ ನಡೆಯುವವರಿದ್ದಾರೆ, 20 ಡಿಗ್ರಿಗೇ ಅಳುವವರಿದ್ದಾರೆ. ನಿಮ್ಮ ವಿಷಯದಲ್ಲಿ ನನ್ನ ಗಮನ ಸೆಳೆದದ್ದು ಎರಡನೆಯ ಬೆರಳಿನ ಕೆಳಗಿನ ಆ ಗಟ್ಟಿ ಚರ್ಮ. ಹೆಜ್ಜೆಯ ಕೊನೆಯಲ್ಲಿ ನೆಲವನ್ನು ಹಿಂದಕ್ಕೆ ತಳ್ಳುವ ಭಾರವನ್ನು ಹೆಚ್ಚಾಗಿ ಹೆಬ್ಬೆರಳ ಹಿಂದಿನ ಮೂಳೆ ಹೊರಬೇಕು. ಅದು ವಾಲಿ ಮೇಲಕ್ಕೂ ಎದ್ದಾಗ ಆ ಭಾರ ಪಕ್ಕದ ತೆಳ್ಳನೆಯ ಮೂಳೆಗೆ ಬೀಳುತ್ತದೆ, ಅದರ ಕೆಳಗಿನ ಚರ್ಮ ಗಟ್ಟಿಯಾಗುತ್ತದೆ. ಕಾರ್ನ್ ಕ್ಯಾಪಿನಿಂದ ಸುಲಿದರೂ ಭಾರ ಅಲ್ಲಿಯೇ ಬೀಳುತ್ತಿರುವುದರಿಂದ ಮತ್ತೆ ಬಂತು. ಈ ಸ್ಥಿತಿ ಹೀಗೆಯೇ ಮುಂದುವರಿದು ಎರಡನೆಯ ಬೆರಳು ಕೊಕ್ಕೆಯಂತೆ ಮೇಲಕ್ಕೆ ಮಡಿಸತೊಡಗಿದರೆ ಆಪರೇಷನ್ ಒಂದು ಬೆರಳಿಗೆ ಮುಗಿಯುವುದಿಲ್ಲ. ತಡ ಮಾಡುವುದಕ್ಕೆ ನಾನು ಹಾಕುವ ಮಿತಿ ಅದು.

ಮಾಡಿಸುವುದಾದರೆ ನಿಮ್ಮ ಕೋನಗಳಿಗೆ ಸಾಮಾನ್ಯವಾಗಿ ಉದ್ದ ಮೂಳೆಯನ್ನು ಉದ್ದಕ್ಕೆ ಸೀಳಿದಂತೆ ಕತ್ತರಿಸಿ, ಮುಂಭಾಗವನ್ನು ಕೆಲವು ಮಿಲಿಮೀಟರ್ ಎರಡನೆಯ ಮೂಳೆಯ ಕಡೆಗೆ ಸರಿಸಿ, ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಹೆಬ್ಬೆರಳಿನ ಮೂಳೆಯಿಂದಲೂ ಒಂದು ಸಣ್ಣ ಬೆಣೆ ತೆಗೆಯಬೇಕಾಗಬಹುದು. ಆದರೆ ನಿಮ್ಮ ಕೀಲುಗಳು ಸಡಿಲ ಎಂದು ಈಗ ತಿಳಿದಿದೆ. ಶಸ್ತ್ರಚಿಕಿತ್ಸಕರು ಒಂದು ಕೈಯಲ್ಲಿ ಎರಡನೆಯ ಮೂಳೆಯನ್ನು ಹಿಡಿದು ಇನ್ನೊಂದು ಕೈಯಲ್ಲಿ ಮೊದಲನೆಯದನ್ನು ಮೇಲೆ ಕೆಳಗೆ ಆಡಿಸಿ ನೋಡಲಿ. ಅದು ಬಹಳ ಆಡಿದರೆ ಹಿಂಬದಿಯ ಕೀಲನ್ನೇ ಬೆಸೆಯುವ ಲ್ಯಾಪಿಡಸ್ ವಿಧಾನ ಹೆಚ್ಚು ಕಾಲ ನಿಲ್ಲುತ್ತದೆ ಎಂದು ಹಲವರು ಹೇಳುತ್ತಾರೆ, ಹಾಗಲ್ಲ ಎನ್ನುವವರೂ ಇದ್ದಾರೆ. ಅದರಲ್ಲಿ ಚೇತರಿಕೆ ನಿಧಾನ. ಯಾವ ವಿಧಾನವಾದರೂ ಓರೆ ಮರುಕಳಿಸುವುದು, ಕೀಲು ಬಿಗಿಯಾಗುವುದು, ಮರಗಟ್ಟುವುದು, ಭಾರ ಎರಡನೆಯ ಬೆರಳಿಗೆ ಇನ್ನಷ್ಟು ಬೀಳುವುದು ಇವೆಲ್ಲ ಸಂಭವಿಸಬಹುದು. ಕಾಲು ಚೆಂದ ಕಾಣಲಿ ಎಂದು ಮಾಡಿಸಿಕೊಳ್ಳುವವರನ್ನು ನಾನು ಯಾವಾಗಲೂ ಹಿಂದಕ್ಕೆ ಕಳುಹಿಸುತ್ತಿದ್ದೆ.

ಕಾಲುಂಗುರದಿಂದ ಮೂಳೆ ವಾಲುವುದಿಲ್ಲ, ಅತ್ತೆಯವರಿಗೆ ತಿಳಿಸಿ. ಈಗ ಅದು ಎರಡು ಬೆರಳುಗಳ ನಡುವೆ ಸಿಕ್ಕಿ ಚರ್ಮವನ್ನು ಕೊರೆಯುತ್ತಿದ್ದರೆ ಸಣ್ಣ ಎಳೆಯದಕ್ಕೆ ಬದಲಿಸಿ. ಆಪರೇಷನ್ ಆದರೆ ಮುಂಚಿತವಾಗಿ ತೆಗೆಯಲೇಬೇಕು, ಊತ ಆರು ತಿಂಗಳವರೆಗೂ ಇರುವುದರಿಂದ ಬೇಗ ಹಾಕಿಕೊಳ್ಳಲಾಗುವುದಿಲ್ಲ.

ಫಿಸಿಯೊ, ದಾವಣಗೆರೆ

ಡಾಕ್ಟರ್ ಹೇಳಿದ್ದನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಮಗಳ ವಿಷಯ ಹಾಗೆಯೇ ಉಳಿಯಿತು. ಹದಿನಾಲ್ಕರ ವಯಸ್ಸಿನಲ್ಲಿ ಓರೆ ಇನ್ನೂ ಸ್ವಲ್ಪವಿರುವಾಗ ಹೆಬ್ಬೆರಳನ್ನು ಹೊರಕ್ಕೆ ಸರಿಸುವ ಸ್ನಾಯುವಿಗೆ ವ್ಯಾಯಾಮ ಕೊಡುವುದು ಯೋಗ್ಯವೆಂದು ನನ್ನ ಅಭಿಪ್ರಾಯ. ಕುರ್ಚಿಯಲ್ಲಿ ಕುಳಿತು ಅಂಗಾಲನ್ನು ನೆಲಕ್ಕೆ ಊರಿ, ಉಳಿದ ಬೆರಳುಗಳನ್ನು ಅಲುಗಿಸದೆ ಹೆಬ್ಬೆರಳನ್ನು ಮಾತ್ರ ಇನ್ನೊಂದು ಕಾಲಿನ ಕಡೆಗೆ ಸರಿಸಿ ಐದು ಎಣಿಸುವವರೆಗೆ ಹಿಡಿಯಬೇಕು. ಮೊದಲ ವಾರ ಬಹಳ ಜನಕ್ಕೆ ಬೆರಳು ಅಲುಗುವುದೇ ಇಲ್ಲ, ಕೈಯಿಂದ ಸರಿಸಿ ಅಲ್ಲಿ ನಿಲ್ಲಿಸಲು ಪ್ರಯತ್ನಿಸಬೇಕು. ಮೀನಖಂಡ ಬಿಗಿಯಾಗಿದ್ದರೆ ಅದನ್ನೂ ಹಿಗ್ಗಿಸಬೇಕು, ಏಕೆಂದರೆ ಹಿಮ್ಮಡಿ ಬೇಗ ಎದ್ದರೆ ಭಾರವೆಲ್ಲ ಬೆರಳ ಬುಡಕ್ಕೆ ಬೀಳುತ್ತದೆ. ನನ್ನಲ್ಲಿಗೆ ಬರುವ ಹುಡುಗಿಯರಲ್ಲಿ ನೋವು ಖಂಡಿತ ಇಳಿದಿದೆ.

ನಿವೃತ್ತ ಮೂಳೆ ವೈದ್ಯ

ವ್ಯಾಯಾಮದಿಂದ ಹಾನಿಯಿಲ್ಲ, ಮಾಡಲಿ. ಅದು ಓರೆಯನ್ನು ಹಲವು ವರ್ಷ ತಡೆದು ನಿಲ್ಲಿಸುತ್ತದೆ ಎಂದು ತಾಯಿಗೆ ಭರವಸೆ ಕೊಡಲು ನಾನು ಹಿಂಜರಿಯುತ್ತೇನೆ. ಇಂಗ್ಲೆಂಡಿನಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಒಳಹಾಸು ಕೊಟ್ಟು ಸುಮಾರು ಮೂರು ವರ್ಷ ನೋಡಿದ ಅಧ್ಯಯನ 1994ರಲ್ಲಿ ಬಂತು. ಒಳಹಾಸು ಕೊಟ್ಟವರಲ್ಲೂ ಕೊಡದವರಲ್ಲೂ ಓರೆ ಹೆಚ್ಚಾಯಿತು. ಹುಡುಗಿಯ ಮೂಳೆಯ ಬೆಳವಣಿಗೆ ನಿಲ್ಲುವವರೆಗೆ ಆಪರೇಷನ್ ಮಾತೇ ಬೇಡ, ಬೆಳೆಯುವ ಕಾಲಿನಲ್ಲಿ ಮರುಕಳಿಸುವುದು ಹೆಚ್ಚು. ವರ್ಷಕ್ಕೊಮ್ಮೆ ನಿಂತು ಎಕ್ಸ್‌ರೇ ತೆಗೆಸಿ ಹೋಲಿಸಿ. ಶಾಲೆಯ ಕಪ್ಪು ಶೂವಿನ ಹಾಸನ್ನು ಈ ರಾತ್ರಿಯೇ ಹೊರಗೆ ತೆಗೆದು ಅವಳನ್ನು ಅದರ ಮೇಲೆ ನಿಲ್ಲಿಸಿ ನೋಡಿ.

ಫಿಸಿಯೊ, ದಾವಣಗೆರೆ

ಒಳಹಾಸು ಬೇರೆ, ವ್ಯಾಯಾಮ ಬೇರೆ ಡಾಕ್ಟರೇ. ಒಂದು ವಿಫಲವಾಯಿತೆಂದು ಇನ್ನೊಂದನ್ನು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಮೂರು ತಿಂಗಳು ಬಿಡದೆ ಮಾಡಿಸಿ ನೋಡಲಿ ಎಂಬುದು ನನ್ನ ಕೋರಿಕೆ.

ಹರಿಹರದ ನಿವೃತ್ತ ಬ್ಯಾಂಕ್ ನೌಕರಳು

ಟೀಚರ್, ತಾವು ಬೇಸಿಗೆ ರಜೆಯಲ್ಲಿ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದರೆ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಮೊದಲ ಎರಡು ವಾರ ನಾನು ಕಾಲನ್ನು ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲಿಟ್ಟು ಮಲಗಿಯೇ ಕಳೆದೆ, ಕೆಳಗೆ ಇಳಿಸಿದರೆ ಸಿಡಿಯುತ್ತಿತ್ತು. ಆರು ವಾರ ಹಿಮ್ಮಡಿಯ ಮೇಲೆ ಮಾತ್ರ ಭಾರ ಬೀಳುವ ಮರದಂಥ ಗಟ್ಟಿ ಅಟ್ಟೆಯ ಶೂ ಹಾಕಿಕೊಂಡೇ ನಡೆದೆ. ಎಂಟನೆಯ ವಾರಕ್ಕೆ ಅಗಲವಾದ ಚಪ್ಪಲಿ ಹಿಡಿಸಿತು, ಸಂಜೆಯ ಊತ ಪೂರ್ತಿ ಹೋಗಲು ಏಳನೆಯ ತಿಂಗಳು ಬಂತು. ಏಪ್ರಿಲ್ ಎರಡನೆಯ ವಾರ ಮಾಡಿಸಿದರೂ ಶಾಲೆ ತೆರೆಯುವ ಹೊತ್ತಿಗೆ ತಮಗೆ ಏಳನೆಯ ವಾರ ನಡೆಯುತ್ತಿರುತ್ತದೆ, ಐದು ಗಂಟೆ ನಿಂತು ಪಾಠ ಮಾಡುವುದು ಆಗುವ ಮಾತಲ್ಲ. ಎರಡೂ ಕಾಲನ್ನು ಒಟ್ಟಿಗೆ ಮಾಡಿಸಿಕೊಳ್ಳಬೇಡಿ. ಯಾರೂ ಮುಂಚೆ ಹೇಳದೆ ನನ್ನನ್ನು ಹೆಚ್ಚು ಕಷ್ಟಕ್ಕೆ ಸಿಕ್ಕಿಸಿದ್ದು ಮನೆಯ ಶೌಚಾಲಯ. ಕುಕ್ಕರಗಾಲಿನಲ್ಲಿ ಕುಳಿತರೆ ಭಾರವೆಲ್ಲ ಪಾದದ ಮುಂಭಾಗಕ್ಕೇ ಬೀಳುತ್ತದೆ. ಮೊದಲು ಕಮೋಡ್ ಕುರ್ಚಿಯೊಂದನ್ನು ತಂದಿಟ್ಟು ಆಮೇಲೆ ಆಸ್ಪತ್ರೆಗೆ ಹೋಗಿ.

ನಿಟ್ಟುವಳ್ಳಿ ಟೀಚರ್, ದಾವಣಗೆರೆ

ಮನೆಯಲ್ಲಿ ಎಲ್ಲರೂ ಕುಳಿತು ಈ ಬರಹಗಳನ್ನು ಓದಿದೆವು. ಈ ಏಪ್ರಿಲ್‌ನಲ್ಲಿ ಆಪರೇಷನ್ ಬೇಡವೆಂದು ತೀರ್ಮಾನಿಸಿದ್ದೇನೆ. ಅಗಲವಾದ ಶೂ, ಬಳೆ ಪ್ಯಾಡ್, ಎರಡನೆಯ ಮೂಳೆಯ ಹಿಂದೆ ಆಸರೆ ಕೊಡುವ ಒಳಹಾಸು ಇಷ್ಟನ್ನು ಆರು ತಿಂಗಳು ಬಳಸುತ್ತೇನೆ, ತರಗತಿಯಲ್ಲಿ ಒಂದು ಎತ್ತರದ ಸ್ಟೂಲ್ ಕೇಳಿದ್ದೇನೆ. ಎರಡನೆಯ ಬೆರಳು ಮಡಿಸತೊಡಗಿದರೆ ಅಥವಾ ದಸರೆಯ ಹೊತ್ತಿಗೂ ಮಾಮೂಲು ನಡಿಗೆಗೆ ಮಾತ್ರೆ ಬೇಕಾಗುತ್ತಿದ್ದರೆ ಮೂರು ತಿಂಗಳ ರಜೆ ಹಾಕಿ ಬಲಗಾಲಿಗೆ ಮಾಡಿಸಿಕೊಳ್ಳುತ್ತೇನೆ, ಆಗ ಆ ಹಿಂಬದಿಯ ಕೀಲನ್ನು ಪರೀಕ್ಷಿಸುವಂತೆ ಕೇಳುವುದನ್ನು ಮರೆಯುವುದಿಲ್ಲ. ಮಗಳನ್ನು ಅವಳ ಶೂವಿನ ಹಾಸಿನ ಮೇಲೆ ನಿಲ್ಲಿಸಿದೆವು. ಎರಡೂ ಕಡೆ ಹೆಬ್ಬೆರಳ ಬುಡ ಅರ್ಧ ಬೆರಳಿನಷ್ಟು ಹೊರಗಿತ್ತು. ಎರಡು ವರ್ಷ ಅವಳು ಅದನ್ನೇ ಹಾಕಿಕೊಂಡು ಹೋಗಿದ್ದಾಳೆ. ವ್ಯಾಯಾಮವನ್ನು ನಿನ್ನೆಯಿಂದ ಶುರು ಮಾಡಿದ್ದಾಳೆ, ಬೆರಳು ಇನ್ನೂ ಅಲುಗುತ್ತಿಲ್ಲ.

ಚಿತ್ರದುರ್ಗದ ಅಣ್ಣನವರೇ, ಶಾಲೆಯ ನಿಯಮಕ್ಕೆ ಹೊಂದುವಂಥ ಕಪ್ಪು ಶೂವನ್ನು ಅವಳ ಕಾಲಿನ ಅಳತೆಗೆ ಹೊಲಿದುಕೊಡಲು ಸಾಧ್ಯವೇ?

ಚಿತ್ರದುರ್ಗದ ಚರ್ಮದ ಕೆಲಸ

ಖಂಡಿತ ಮಾಡಿಕೊಡುತ್ತೇನೆ, ಮೇಡಂ. ಭಾನುವಾರ ಬರುವುದಾದರೆ ಮಧ್ಯಾಹ್ನ ನಾಲ್ಕರ ನಂತರ ಬನ್ನಿ. ಬರಲಾಗದಿದ್ದರೆ ಸಂಜೆ ಅವಳನ್ನು ಕಾಗದದ ಮೇಲೆ ನಿಲ್ಲಿಸಿ, ಕೂರಿಸಿ ಅಲ್ಲ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಕಾಲಿನ ಸುತ್ತ ಬೇರೆ ಬೇರೆಯಾಗಿ ಗೆರೆ ಎಳೆಯಿರಿ. ಅಗಲವಾದ ಜಾಗದ ಸುತ್ತಳತೆಯನ್ನು ದಾರದಲ್ಲಿ ಹಿಡಿದು ಅದೇ ಕಾಗದದಲ್ಲಿ ಬರೆಯಿರಿ. ಬೆಳೆಯುವ ಹುಡುಗಿಯಾದ್ದರಿಂದ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗ ಬಿಡುತ್ತೇನೆ, ಆರು ತಿಂಗಳಿಗೊಮ್ಮೆ ಆ ಜಾಗ ಉಳಿದಿದೆಯೇ ಎಂದು ತಾವು ಒತ್ತಿ ನೋಡುತ್ತಿರಬೇಕು.